ರೋಟರ್ ಎಷ್ಟು ಜೋರಾಗಿ ತಿರುಗಬೇಕು? ನೀವೇ ಲೆಕ್ಕ ಹಾಕಿ

ದೊಡ್ಡ ಪೀಪಾಯಿಯಂಥ ಕೋಣೆ. ಗೋಡೆಗೆ ಬೆನ್ನು ಕೊಟ್ಟು ನಿಂತರೆ ಅದು ತಿರುಗತೊಡಗುತ್ತದೆ. ವೇಗ ಏರಿದ ಮೇಲೆ ನೆಲ ಕೆಳಗಿಳಿಯುತ್ತದೆ, ಜನ ಮಾತ್ರ ಗೋಡೆಗೆ ಅಂಟಿಕೊಂಡೇ ಇರುತ್ತಾರೆ. ಜರ್ಮನಿಯ ಅರ್ನ್ಸ್ಟ್ ಹಾಫ್‌ಮೈಸ್ಟರ್ ರೂಪಿಸಿದ ಈ ಆಟ 1949ರಲ್ಲಿ ಮ್ಯೂನಿಕ್‌ನ ಅಕ್ಟೋಬರ್‌ಫೆಸ್ಟ್ ಜಾತ್ರೆಗೆ ಬಂತು. ಜನ ಜಾರದಿರಲು ಅದು ಕನಿಷ್ಠ ಎಷ್ಟು ವೇಗದಲ್ಲಿ ತಿರುಗಬೇಕು?

ಮೊದಲು ಘರ್ಷಣಾ ಗುಣಾಂಕ ಬೇಕು. ಗೋಡೆಗೆ ಹೊದಿಸಿರುವಂಥ ರಬ್ಬರ್ ಹಾಳೆಯನ್ನು ಹಲಗೆಗೆ ಅಂಟಿಸಿ, ಅದರ ಮೇಲೆ ಅಂಗಿಬಟ್ಟೆ ಸುತ್ತಿದ ಪುಸ್ತಕ ಇಡಿ. ಹಲಗೆಯ ಒಂದು ತುದಿಯನ್ನು ನಿಧಾನವಾಗಿ ಎತ್ತುತ್ತಾ ಹೋಗಿ. ಪುಸ್ತಕ ಜಾರತೊಡಗಿದ ಕ್ಷಣದಲ್ಲಿ ಹಲಗೆಯ ಎತ್ತರವನ್ನು ಅದರ ಕೆಳಗಿನ ನೆಲದಳತೆಯಿಂದ ಭಾಗಿಸಿದರೆ ಸಿಗುವುದೇ ಗುಣಾಂಕ. ಎತ್ತರ 20 ಸೆಂ.ಮೀ., ನೆಲದಳತೆ 50 ಸೆಂ.ಮೀ. ಎಂದಿಟ್ಟುಕೊಂಡರೆ μ = 0.4.

ಮುಂದಿನದು ತ್ರಿಜ್ಯ. ಕೇಂದ್ರದಿಂದ ಗೋಡೆಯವರೆಗೆ ಅಳೆದರೆ ಸಾಲದು. ನಮ್ಮ ಮೈಭಾರದ ಕೇಂದ್ರ ಗೋಡೆಗಿಂತ ಸುಮಾರು 15 ಸೆಂ.ಮೀ. ಒಳಗಿರುತ್ತದೆ. ಗೋಡೆ 2.15 ಮೀಟರ್ ದೂರದಲ್ಲಿದ್ದರೆ R ಅನ್ನು 2 ಮೀಟರ್ ಎಂದು ಹಿಡಿಯಿರಿ.

ಈಗ ಬಲಗಳು. ನಮ್ಮ ದ್ರವ್ಯರಾಶಿ m, ತಿರುಗುವ ಕೋನೀಯ ವೇಗ ω, ಗುರುತ್ವ ವೇಗೋತ್ಕರ್ಷ g ಎಂದಿರಲಿ. ನಮ್ಮನ್ನು ಸುತ್ತುವ ದಾರಿಯಲ್ಲಿ ಹಿಡಿದಿಡಲು ಗೋಡೆ ಒಳಮುಖವಾಗಿ mω²R ಬಲದಿಂದ ಒತ್ತುತ್ತದೆ. ಆ ಒತ್ತಡಕ್ಕೆ ಘರ್ಷಣೆ ಕೊಡಬಲ್ಲ ಗರಿಷ್ಠ ಆಸರೆ μmω²R. ನಮ್ಮ ತೂಕ mg ಇದನ್ನು ಮೀರಬಾರದು, ಅಷ್ಟೆ. ಎರಡೂ ಕಡೆಯ m ಹೊಡೆದುಹೋಗುತ್ತದೆ:

ω = √(g/μR) = √(9.8/0.8) = 3.5 ರೇಡಿಯನ್/ಸೆಕೆಂಡ್

ಅಂದರೆ ನಿಮಿಷಕ್ಕೆ ಸುಮಾರು 33 ಸುತ್ತು, ಒಂದು ಸುತ್ತಿಗೆ 1.8 ಸೆಕೆಂಡ್. ಆಗ ಗೋಡೆ ಬೆನ್ನನ್ನು ಒತ್ತುವುದು ನಮ್ಮ ತೂಕದ ಎರಡೂವರೆ ಪಟ್ಟು.

ಇಲ್ಲಿ ವಿದ್ಯಾರ್ಥಿಗಳು ಎಡವುವ ಒಂದು ಜಾಗವಿದೆ. ಇನ್ನೂ ಜೋರಾಗಿ ತಿರುಗಿಸಿದರೆ ಘರ್ಷಣೆ ಹೆಚ್ಚಿ ಜನ ಮೇಲಕ್ಕೇರುವುದಿಲ್ಲವೇ ಎಂಬ ಪ್ರಶ್ನೆ ಅದು. ಇಲ್ಲ. ಹೆಚ್ಚುವುದು ಘರ್ಷಣೆಯ ಸಾಮರ್ಥ್ಯ ಮಾತ್ರ. ನಿಜವಾಗಿ ಕೆಲಸ ಮಾಡುವ ಘರ್ಷಣೆ ತೂಕಕ್ಕೆ ಸರಿಸಮನಾಗಿಯೇ ನಿಲ್ಲುತ್ತದೆ.

ಆದರೆ ಕನಿಷ್ಠ ವೇಗ ತಲುಪಿದ ಕೂಡಲೇ ನೆಲ ಇಳಿಸುವುದು ಅಪಾಯ. ನುಣುಪಾದ ನೈಲಾನ್ ಜಾಕೆಟ್ ತೊಟ್ಟವರಿಗೆ ಗುಣಾಂಕ 0.3ಕ್ಕೆ ಇಳಿದರೂ ಸಾಕು, 33 ಸುತ್ತು ಅವರನ್ನು ಹಿಡಿಯಲಾರದು. ಒಮ್ಮೆ ಜಾರತೊಡಗಿದರೆ ಘರ್ಷಣೆ ಇನ್ನಷ್ಟು ಕಡಿಮೆಯಾಗುವುದರಿಂದ ತಡೆಯುವುದೂ ಕಷ್ಟ. 40 ಸುತ್ತಿಗೆ ಏರಿಸಿದರೆ 0.28 ಗುಣಾಂಕವೂ ಸಾಕಾಗುತ್ತದೆ. ಅದಕ್ಕೆ ತೆರುವ ಬೆಲೆ, ಬೆನ್ನ ಮೇಲೆ ತೂಕದ ಮೂರೂವರೆ ಪಟ್ಟಿಗೂ ಮಿಕ್ಕಿದ ಒತ್ತಡ.

ಆಟ ನಿಧಾನವಾಗುವಾಗ ಗಡಿಯಾರ ಹಿಡಿದು ನೋಡಿ. ಸುತ್ತಿನ ಅವಧಿ 1.8 ಸೆಕೆಂಡ್ ಸಮೀಪಿಸಿದಂತೆ ಜನ ಗೋಡೆಯಿಂದ ಜಾರತೊಡಗುತ್ತಾರೆ. ಮೊದಲು ಜಾರುವವರು ದಪ್ಪಗಿನವರಲ್ಲ, ನುಣುಪು ಬಟ್ಟೆಯವರು.