ಹಳೆಯ ಗೇಮಿಂಗ್ ಫೋನಿನ ಬ್ಯಾಟರಿ: ಬದಲಿಸುವ ಮೊದಲು ನಾನು ಅಳೆದು ನೋಡಿದ್ದು

ಐದು ವರ್ಷ ಬಳಸಿದ ನನ್ನ ಗೇಮಿಂಗ್ ಫೋನು ಆಟದ ನಡುವೆ, ಬ್ಯಾಟರಿ ಶೇ. 24 ಎಂದು ತೋರಿಸುತ್ತಿರುವಾಗಲೇ, ಒಮ್ಮೆಲೇ ಆರಿಹೋಗತೊಡಗಿತು. ಚಾರ್ಜರಿಗೆ ಸಿಕ್ಕಿಸಿ ಮತ್ತೆ ಆನ್ ಮಾಡಿದರೆ ಶೇ. 21 ಉಳಿದಿದೆ ಎಂದೇ ತೋರಿಸುತ್ತಿತ್ತು. ಇದರ ಜೊತೆಗೆ, ಇಪ್ಪತ್ತು ನಿಮಿಷ ಆಡಿದ ಮೇಲೆ ದೃಶ್ಯಗಳು ತಡವರಿಸುವ ಇನ್ನೊಂದು ದೂರೂ ಇತ್ತು. ಎರಡಕ್ಕೂ ಬ್ಯಾಟರಿಯೇ ಕಾರಣವೆಂದು ನಾನು ಮೊದಲಿಗೆ ಭಾವಿಸಿದ್ದೆ. ಆ ಊಹೆ ಅರ್ಧ ಮಾತ್ರ ಸರಿಯಾಗಿತ್ತೆಂಬುದು ಅಳೆದು ನೋಡಿದ ನಂತರವೇ ತಿಳಿಯಿತು.

ಅಳತೆಗೆ ಮೊದಲು ಕವಚವನ್ನು ಕಳಚಿ, ಫೋನನ್ನು ಗಾಜಿನ ಮೇಜಿನ ಮೇಲೆ ಬೆನ್ನು ಕೆಳಗಾಗಿ ಇಟ್ಟು, ಅದು ಅಲುಗಾಡುತ್ತದೆಯೇ, ಪರದೆಯ ಅಂಚಿನಲ್ಲಿ ಸಂದು ಬಿಟ್ಟಿದೆಯೇ ಎಂದು ನೋಡಿದೆ. ಹಾಗೇನಾದರೂ ಕಂಡಿದ್ದರೆ ಬ್ಯಾಟರಿ ಉಬ್ಬಿರುವ ಸಾಧ್ಯತೆ ಹೆಚ್ಚು. ಆಗ ಮುಂದಿನ ಪರೀಕ್ಷೆಗಳ ಅಗತ್ಯವೇ ಇಲ್ಲ, ಚಾರ್ಜ್ ಮಾಡುವುದನ್ನು ಅಲ್ಲಿಗೇ ನಿಲ್ಲಿಸಿ ಬ್ಯಾಟರಿಯನ್ನು ತೆಗೆಸಬೇಕು. ನನ್ನದು ಉಬ್ಬಿರಲಿಲ್ಲ.

ನಂತರ ಫೋನು ತನ್ನ ಬಗ್ಗೆ ತಾನೇ ಏನು ಹೇಳುತ್ತದೆಂದು ನೋಡಲು ಕಂಪ್ಯೂಟರಿನಿಂದ ಈ ಆದೇಶ ಕೊಟ್ಟೆ. ಕೇಬಲ್ ಸಿಕ್ಕಿಸಿದರೆ ಫೋನು ಚಾರ್ಜ್ ಆಗತೊಡಗಿ ಅಳತೆ ಕೆಡುವುದರಿಂದ, ವೈಫೈ ಮೂಲಕವೇ ಸಂಪರ್ಕ ಮಾಡಿಕೊಂಡೆ.

```
adb shell dumpsys battery
```

ಉತ್ತರದಲ್ಲಿ `health: 2` ಎಂದು ಬಂತು. ಇದರ ಅರ್ಥ ‘ಚೆನ್ನಾಗಿದೆ’ ಎಂದು. ಇದನ್ನು ಕಂಡು ನಿರಾಳವಾಗುವವರು ಬಹಳ. ಆದರೆ ಅತಿಯಾದ ಬಿಸಿ, ಅತಿಯಾದ ವೋಲ್ಟೇಜಿನಂತಹ ತುರ್ತು ದೋಷ ಈ ಕ್ಷಣಕ್ಕೆ ಇಲ್ಲವೆಂಬುದಷ್ಟೇ ಅದರ ಸಂದೇಶ, ಸವೆತಕ್ಕೂ ಅದಕ್ಕೂ ಸಂಬಂಧವಿಲ್ಲ. `Charge counter` ಎಂಬ ಸಾಲು ಹೆಚ್ಚು ಉಪಯುಕ್ತವೆಂದು ಕೇಳಿದ್ದೆ. ಅದು ಬ್ಯಾಟರಿಯಲ್ಲಿ ಉಳಿದಿರುವ ಚಾರ್ಜನ್ನು ಮೈಕ್ರೋಆಂಪ್-ಅವರ್‌ಗಳಲ್ಲಿ ಕೊಡುತ್ತದೆ. ಪೂರ್ಣ ಚಾರ್ಜಿನಲ್ಲಿ ನನಗೆ ಸಿಕ್ಕಿದ್ದು 5000000, ಅಂದರೆ ಫೋನು ಹೊಸದಾಗಿದ್ದಾಗಿನ 5000 ಮಿಲಿಆಂಪ್-ಅವರ್ ಸಾಮರ್ಥ್ಯವೇ ಚಾಚೂ ತಪ್ಪದೆ. ಐದು ವರ್ಷ ಆಟಕ್ಕೆ ದುಡಿದ ಬ್ಯಾಟರಿ ಹೀಗಿರುವುದು ಸಾಧ್ಯವೇ ಇಲ್ಲ. ನನ್ನ ಫೋನು ಸವೆತವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ, ಮೂಲ ಸಾಮರ್ಥ್ಯವನ್ನೇ ಶೇಕಡಾವಾರಿನಿಂದ ಗುಣಿಸಿ ಒಪ್ಪಿಸುತ್ತಿತ್ತು. ಇದಕ್ಕೆ ವಿರುದ್ಧವಾದ ಮೋಸವೂ ಉಂಟು: ಎರಡು ಕೋಶಗಳನ್ನು ಸರಣಿಯಲ್ಲಿ ಜೋಡಿಸಿದ ಕೆಲವು ಗೇಮಿಂಗ್ ಫೋನುಗಳಲ್ಲಿ ಒಂದು ಕೋಶದ ಲೆಕ್ಕ ಮಾತ್ರ ಕಾಣಿಸಿಕೊಂಡು, ಸಾಮರ್ಥ್ಯ ಅರ್ಧಕ್ಕಿಳಿದಿದೆಯೆಂಬ ಭ್ರಮೆ ಹುಟ್ಟಬಹುದು.

ಆದ್ದರಿಂದ ಚಾರ್ಜರ್ ಮತ್ತು ಕೇಬಲ್ ನಡುವೆ ಒಂದು ಯುಎಸ್‌ಬಿ ಮೀಟರ್ ಸಿಕ್ಕಿಸಿ, ಪೂರ್ತಿ ಖಾಲಿಯಾಗಿದ್ದ ಫೋನನ್ನು ಆಫ್ ಸ್ಥಿತಿಯಲ್ಲೇ, ವೇಗದ ಚಾರ್ಜಿಂಗ್ ಇಲ್ಲದ ಸಾಧಾರಣ ಚಾರ್ಜರಿನಿಂದ ಪೂರ್ಣವಾಗಿ ತುಂಬಿಸಿದೆ. ಮೀಟರ್ 17.4 ವ್ಯಾಟ್-ಅವರ್ ತೋರಿಸಿತು. ಇಲ್ಲಿ ಮೀಟರಿನ ಮಿಲಿಆಂಪ್-ಅವರ್ ಅಂಕಿಯನ್ನು ಬ್ಯಾಟರಿಯ ಮೇಲೆ ಬರೆದ ಅಂಕಿಗೆ ಹೋಲಿಸಬಾರದು, ಏಕೆಂದರೆ ಒಂದು ಸುಮಾರು 5 ವೋಲ್ಟಿನ ಲೆಕ್ಕ, ಇನ್ನೊಂದು ಸುಮಾರು 3.85 ವೋಲ್ಟಿನ ಲೆಕ್ಕ. ಹೊಸ ಬ್ಯಾಟರಿಯ ಶಕ್ತಿ 19.25 ವ್ಯಾಟ್-ಅವರ್. ಒಳಹೋದ ಶಕ್ತಿಯಲ್ಲಿ ಒಂದಷ್ಟು ಪಾಲು ಬಿಸಿಯಾಗಿ ಕಳೆದುಹೋಗುತ್ತದೆ, ಶೇ. 85ರಷ್ಟು ಬ್ಯಾಟರಿಗೆ ಸೇರಿತೆಂದು ಹಿಡಿದರೆ 14.8 ವ್ಯಾಟ್-ಅವರ್, ಅಂದರೆ ಮೂಲದ ಶೇ. 77. ಆ 85 ಎಂಬುದು ನನ್ನ ಅಂದಾಜಾದ್ದರಿಂದ, ಸಾಮರ್ಥ್ಯ ಸುಮಾರು ಮುಕ್ಕಾಲು ಪಾಲಿಗೆ ಇಳಿದಿದೆ ಎಂದಷ್ಟೇ ತೀರ್ಮಾನಿಸಿದೆ.

ಆದರೆ ಮುಕ್ಕಾಲು ಪಾಲು ಉಳಿದ ಬ್ಯಾಟರಿ ಬೇಗ ಖಾಲಿಯಾಗಬೇಕೇ ಹೊರತು ಶೇ. 24ರಲ್ಲಿ ಆರಿಹೋಗಬೇಕಿಲ್ಲ. ನಿಜವಾದ ಸುಳಿವು ಸಿಕ್ಕಿದ್ದು ವೋಲ್ಟೇಜಿನಲ್ಲಿ. ಬ್ಯಾಟರಿ ಹಳತಾದಂತೆ ಅದರ ಸಾಮರ್ಥ್ಯ ಕುಗ್ಗುವುದರ ಜೊತೆಗೆ ಒಳರೋಧವೂ ಏರುತ್ತದೆ. ಆಟ ಹೆಚ್ಚು ವಿದ್ಯುತ್ತನ್ನು ಎಳೆದಾಗ ಆ ರೋಧದಿಂದಾಗಿ ವೋಲ್ಟೇಜ್ ಕುಸಿಯುತ್ತದೆ, ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಫೋನು ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ. ಶೇ. 35ರಲ್ಲಿ ಪರದೆ ಮಾತ್ರ ಬೆಳಗುತ್ತಿರುವಾಗ ವೋಲ್ಟೇಜ್ 3.74 ಇತ್ತು, ಬ್ಯಾಟರಿಯ ಕರೆಂಟ್ ತೋರಿಸುವ ಆ್ಯಪ್‌ನಲ್ಲಿ ಸುಮಾರು 0.3 ಆಂಪಿಯರ್ ಕಾಣುತ್ತಿತ್ತು. ಭಾರೀ ಆಟವೊಂದನ್ನು ಆರಂಭಿಸಿದ ಒಂದು ನಿಮಿಷದೊಳಗೆ ಕರೆಂಟ್ 1.7 ಆಂಪಿಯರಿಗೆ ಏರಿ, ವೋಲ್ಟೇಜ್ 3.38ಕ್ಕೆ ಇಳಿಯಿತು. ಆಟ ಮುಚ್ಚಿದರೆ ಮತ್ತೆ 3.7ರ ಆಸುಪಾಸಿಗೆ ಏರಿತು. 0.36 ವೋಲ್ಟಿನ ಕುಸಿತವನ್ನು 1.4 ಆಂಪಿಯರಿನ ವ್ಯತ್ಯಾಸದಿಂದ ಭಾಗಿಸಿದರೆ 0.26 ಓಮ್ ಆಗುತ್ತದೆ. ಶೇ. 35ರಲ್ಲೇ ಇಷ್ಟು ಕುಸಿದರೆ 24ರಲ್ಲಿ ಆಟದ ಒಂದು ಕ್ಷಣದ ಎಳೆತವೇ ಫೋನನ್ನು ಆರಿಸಲು ಸಾಕು. ಈ ಪರೀಕ್ಷೆಯನ್ನು ಎರಡು ದಿನ, ಫೋನು ಒಂದೇ ಉಷ್ಣತೆಯಲ್ಲಿರುವಾಗ ಮಾಡಿದೆ, ಏಕೆಂದರೆ ತಣ್ಣಗಿರುವ ಬ್ಯಾಟರಿಯ ಒಳರೋಧ ಹೇಗೂ ಹೆಚ್ಚಿರುತ್ತದೆ.

ಉಳಿದದ್ದು ತಡವರಿಕೆಯ ಪ್ರಶ್ನೆ. ಇದಕ್ಕೆ ಗೇಮಿಂಗ್ ಫೋನುಗಳಲ್ಲಿ ಸಾಮಾನ್ಯವಾಗಿರುವ ಬೈಪಾಸ್ ಚಾರ್ಜಿಂಗ್ ನೆರವಾಯಿತು. ಅದನ್ನು ಆನ್ ಮಾಡಿದರೆ ಚಾರ್ಜರಿನ ವಿದ್ಯುತ್ತು ಬ್ಯಾಟರಿಗೆ ತುಂಬದೆ ನೇರವಾಗಿ ಫೋನನ್ನು ನಡೆಸುತ್ತದೆ. ಶೇ. 22ರಲ್ಲಿ ಹೀಗೆ ಆಡಿದಾಗ ಫೋನು ಒಮ್ಮೆಯೂ ಆರಲಿಲ್ಲ, ಆದರೆ ಇಪ್ಪತ್ತು ನಿಮಿಷದ ನಂತರ ತಡವರಿಕೆ ಯಥಾಪ್ರಕಾರ ಬಂತು. ಹಾಗಾಗಿ ಆರಿಹೋಗುವುದು ಬ್ಯಾಟರಿಯ ದೋಷ, ತಡವರಿಕೆ ಬಿಸಿಯಿಂದ ಪ್ರೊಸೆಸರ್ ತನ್ನ ವೇಗ ತಗ್ಗಿಸಿಕೊಳ್ಳುವುದರ ಫಲ. ತಡವರಿಕೆಯೊಂದೇ ನನ್ನ ದೂರಾಗಿದ್ದರೆ ಹೊಸ ಬ್ಯಾಟರಿಗೆ ಹಾಕಿದ ಹಣ ವ್ಯರ್ಥವಾಗುತ್ತಿತ್ತು.

ಬದಲಿಸಲು ನಿರ್ಧರಿಸಿದೆ. ಪರದೆ, ಚಾರ್ಜಿಂಗ್ ಪೋರ್ಟ್ ಎರಡೂ ಸುಸ್ಥಿತಿಯಲ್ಲಿದ್ದವು. ಭದ್ರತಾ ಅಪ್‌ಡೇಟ್‌ಗಳು ನಿಂತುಹೋಗಿದ್ದರಿಂದ ಫೋನನ್ನು ಆಟಕ್ಕೆ ಮಾತ್ರ ಇಟ್ಟುಕೊಂಡು, ಹಣಕಾಸಿನ ಆ್ಯಪ್‌ಗಳನ್ನೆಲ್ಲ ತೆಗೆದುಹಾಕಿದೆ. ಬಿಡಿ ಬ್ಯಾಟರಿ ಕೊಳ್ಳುವಾಗ ಅದರ ಮೇಲೆ ಮುದ್ರಿಸಿದ ತಯಾರಿಕೆಯ ದಿನಾಂಕ ನೋಡಿದೆ; ಬಳಸದೆ ಇಟ್ಟರೂ ಲಿಥಿಯಂ ಬ್ಯಾಟರಿ ಸವೆಯುತ್ತದೆ, ಹಳೆಯ ಮಾದರಿಗಳಿಗೆ ವರ್ಷಗಟ್ಟಲೆ ಕಪಾಟಿನಲ್ಲಿ ಕೂತ ಸರಕು ಬರುವ ಸಾಧ್ಯತೆ ಹೆಚ್ಚು.

ಕೆಲಸವನ್ನು ಅನುಭವವಿರುವ ಗೆಳೆಯನೊಬ್ಬನ ಜೊತೆ ಕುಳಿತು ಮಾಡಿದೆ. ಬ್ಯಾಟರಿಯನ್ನು ಶೇ. 25ಕ್ಕಿಂತ ಕೆಳಗೆ ಇಳಿಸಿ, ಬೆನ್ನ ಗಾಜನ್ನು ಬಿಸಿ ಮಾಡಿ ಅಂಟನ್ನು ಸಡಿಲಿಸಿದೆವು. ನಾನು ಗಾಜನ್ನು ಮೇಲೆತ್ತಲು ಹೊರಟಾಗ ಅವನು ಕೈ ಹಿಡಿದು ತಡೆದ. ಬೆನ್ನ ಮೇಲಿನ ಬಣ್ಣದ ದೀಪಕ್ಕೆ ಹೋಗುವ ಕಾಗದದಷ್ಟು ತೆಳುವಾದ ಪಟ್ಟಿಯೊಂದು ಗಾಜಿಗೂ ಬೋರ್ಡಿಗೂ ನಡುವೆ ಬಿಗಿಯಾಗಿ ನಿಂತಿತ್ತು. ಇನ್ನೊಂದು ಬೆರಳಗಲ ಎತ್ತಿದ್ದರೆ ಹರಿಯುತ್ತಿತ್ತು. ಮೊದಲು ಬ್ಯಾಟರಿಯ ಕನೆಕ್ಟರ್, ಆಮೇಲೆ ಈ ಪಟ್ಟಿ ಬಿಡಿಸಿದೆವು. ಬ್ಯಾಟರಿಯ ಕೆಳಗಿನ ಅಂಟಿಗೆ ಕೆಲವು ಹನಿ ಐಸೋಪ್ರೊಪೈಲ್ ಆಲ್ಕೋಹಾಲ್ ಬಿಟ್ಟು, ಕಾದು, ಪ್ಲಾಸ್ಟಿಕ್ ಕಾರ್ಡಿನಿಂದಲೇ ಎಬ್ಬಿಸಿದೆವು. ಲೋಹದ ಮೊನೆ ತಗುಲಿ ತೂತಾದರೆ ಬ್ಯಾಟರಿ ಹೊತ್ತಿಕೊಳ್ಳಬಹುದು.

ಹೊಸ ಬ್ಯಾಟರಿಯಲ್ಲಿ ಅದೇ ಶೇ. 35ರಲ್ಲಿ, ಅದೇ ಆಟದಲ್ಲಿ ಕುಸಿತ 0.17 ವೋಲ್ಟಿಗೆ ಇಳಿದಿದೆ. ಶೇ. 5ರ ತನಕ ಆಡಿದರೂ ಫೋನು ಆರುತ್ತಿಲ್ಲ. ತಡವರಿಕೆ ಮಾತ್ರ ಹಾಗೆಯೇ ಇದೆ. ಅದಕ್ಕಾಗಿ ಆಟದ ದೃಶ್ಯದ ಗುಣಮಟ್ಟವನ್ನು ಒಂದು ಹಂತ ಇಳಿಸಿಕೊಂಡಿದ್ದೇನೆ.