ಕೆರೆಗೆ ಕೊಳಚೆ ನೀರು: ಪೌರಾಯುಕ್ತರಿಗೆ ಪತ್ರ ಬರೆಯುವುದು ಹೇಗೆ?

‘ಕೆರೆ ಹಾಳಾಗಿದೆ, ವಾಸನೆ ತಡೆಯಲಾಗುತ್ತಿಲ್ಲ, ಕೂಡಲೇ ಸೂಕ್ತ ಕ್ರಮ ಕೈಗೊಳ್ಳಿ.’ ಇಂಥ ಪತ್ರದ ಮೇಲೆ ಅಧಿಕಾರಿ ‘ಪರಿಶೀಲಿಸಿ’ ಎಂದು ಷರಾ ಬರೆದು ಕೆಳಗೆ ಕಳಿಸಬಹುದು, ಅಷ್ಟೇ. ಕೆಳಗಿನವರಿಗೆ ಎಲ್ಲಿಗೆ ಹೋಗಿ ಏನು ನೋಡಬೇಕು ಅನ್ನುವುದೇ ಗೊತ್ತಾಗುವುದಿಲ್ಲ. ಕೊಳಚೆ ಯಾವ ಜಾಗದಲ್ಲಿ, ಯಾವ ಕಾರಣಕ್ಕೆ ಕೆರೆಯ ಕಡೆ ತಿರುಗಿದೆ ಎಂದು ಪತ್ರ ಹೇಳಬೇಕು. ಹಾಗಾಗಿ ಪೆನ್ನು ಹಿಡಿಯುವ ಮೊದಲೇ ಅರ್ಧ ಕೆಲಸ ಇದೆ.

ಮೊದಲು ನೀರಿನ ಜಾಡು ಹಿಡಿಯಿರಿ

ಮಳೆ ನಿಂತು ಒಂದು ವಾರ ಕಳೆದ ಮೇಲೆ ಕೆರೆಗೆ ಸೇರುವ ಕಾಲುವೆಯ ಬಾಯಿಗೆ ಹೋಗಿ. ರಾಜಕಾಲುವೆ ಇರುವುದು ಮಳೆ ನೀರಿಗೆ. ಒಣ ದಿನದಲ್ಲೂ ಅದು ಹರಿಯುತ್ತಿದ್ದರೆ ಆ ನೀರು ಬೇರೆ ಎಲ್ಲಿಂದಲೋ ಬರುತ್ತಿದೆ ಅಂತಲೇ ಅರ್ಥ. ಬೆಳಿಗ್ಗೆ ಏಳು ಗಂಟೆಗೆ ಒಮ್ಮೆ, ಮಧ್ಯಾಹ್ನ ಮೂರಕ್ಕೆ ಒಮ್ಮೆ ನೋಡಿ. ಮನೆಗಳ ಕೊಳಚೆಯಾದರೆ ಸ್ನಾನ, ಪಾತ್ರೆ, ಬಟ್ಟೆಯ ಹೊತ್ತಿಗೆ ಹರಿವು ಜಾಸ್ತಿ ಇರುತ್ತದೆ, ಮಧ್ಯಾಹ್ನ ಇಳಿಯುತ್ತದೆ. ಬೂದು ಬಣ್ಣ, ಸೋಪಿನ ನೊರೆ, ಕೊಳೆತ ಮೊಟ್ಟೆಯ ವಾಸನೆ ಇದ್ದರೆ ಅನುಮಾನ ಇನ್ನಷ್ಟು ಗಟ್ಟಿ.

ಒಂದು ಎಚ್ಚರಿಕೆ. ಮೇಲ್ಭಾಗದಲ್ಲಿ ಕೊಳಚೆ ಶುದ್ಧೀಕರಣ ಘಟಕ ಇದೆಯಾ ಎಂದು ವಿಚಾರಿಸಿ. ಬೆಂಗಳೂರಿನ ಜಕ್ಕೂರು ಕೆರೆಗೆ ಶುದ್ಧೀಕರಿಸಿದ ನೀರನ್ನು ಬೇಕೆಂದೇ ಜೌಗು ಪ್ರದೇಶದ ಮೂಲಕ ಹರಿಸುತ್ತಾರೆ. ಅಂಥ ಕಡೆ ಒಣ ದಿನದಲ್ಲಿ ನೀರು ಹರಿದರೆ ಅದೇ ತಪ್ಪಲ್ಲ.

ಈಗ ಕಾಲುವೆಯ ದಂಡೆ ಹಿಡಿದು ಮೇಲಕ್ಕೆ ನಡೆಯಿರಿ. ಇಬ್ಬರು ಜೊತೆಗಿರಿ. ಕಾಲುವೆಗೆ ಇಳಿಯಬೇಡಿ, ಮ್ಯಾನ್‌ಹೋಲ್ ಮುಚ್ಚಳ ಮುಟ್ಟಲೇಬೇಡಿ. ಒಳಗಿನ ಗಾಳಿ ಜೀವ ತೆಗೆಯುತ್ತದೆ. ಸಾಮಾನ್ಯವಾಗಿ ಮೂರರಲ್ಲಿ ಒಂದು ಕಾರಣ ಸಿಗುತ್ತದೆ. ಮ್ಯಾನ್‌ಹೋಲ್ ಕಟ್ಟಿಕೊಂಡು ಉಕ್ಕುತ್ತಿದ್ದರೆ ಬೇಕಾದದ್ದು ಜೋರು ಒತ್ತಡದ ನೀರಿನಿಂದ ಪೈಪು ಬಿಡಿಸುವ ಜೆಟ್ಟಿಂಗ್ ಮಷಿನ್. ಮನೆಗಳ ಪೈಪು ನೇರ ಕಾಲುವೆಗೇ ಬಿಟ್ಟಿದ್ದರೆ ಒಳಚರಂಡಿ ಸಂಪರ್ಕ ಕೊಡಿಸಬೇಕು. ಅದು ತಿಂಗಳುಗಟ್ಟಲೆ ಹಿಡಿಯುವ ಕೆಲಸ. ಮೂರನೆಯದು ಪಂಪ್‌ಹೌಸ್. ಕರೆಂಟ್ ಹೋದಾಗ ಅಥವಾ ಮೋಟಾರ್ ಕೆಟ್ಟಾಗ ಅಲ್ಲಿ ತುಂಬಿದ ಕೊಳಚೆ ಕಾಲುವೆಗೆ ಹರಿಯುತ್ತದೆ. ಹರಿವು ಕೆಲವು ದಿನ ಇದ್ದು ಕೆಲವು ದಿನ ಇಲ್ಲದಿದ್ದರೆ ಮೊದಲು ಇದನ್ನೇ ಅನುಮಾನಿಸಿ. ಕಾರಣ ಯಾವುದೋ ಅದಕ್ಕೆ ತಕ್ಕಂತೆ ನಿಮ್ಮ ಕೋರಿಕೆ ಬದಲಾಗಬೇಕು. ಸಂಪರ್ಕವೇ ಇಲ್ಲದ ಬೀದಿಗೆ ಜೆಟ್ಟಿಂಗ್ ಗಾಡಿ ಕೇಳಿ ಏನು ಪ್ರಯೋಜನ ಅಲ್ವಾ?

ಒಂದು ಅಳತೆ, ಒಂದು ಬಾಟಲಿ

ಎಷ್ಟು ನೀರು ಅನ್ನುವುದಕ್ಕೆ ಕಿತ್ತಳೆ ಸಿಪ್ಪೆ ಸಾಕು. ಕಾಲುವೆ ನೇರವಾಗಿರುವ ಕಡೆ ದಂಡೆಯ ಮೇಲೆ 5 ಮೀಟರ್ ಗುರುತು ಮಾಡಿ, ಸಿಪ್ಪೆ ಬಿಟ್ಟು ಮೊಬೈಲಿನಲ್ಲಿ ಹೊತ್ತು ನೋಡಿ. 20 ಸೆಕೆಂಡ್ ಆಯಿತು ಎಂದುಕೊಳ್ಳಿ. ಅಂದರೆ ಸೆಕೆಂಡಿಗೆ ಕಾಲು ಮೀಟರ್. ನೀರಿನ ಅಗಲ 60 ಸೆಂ.ಮೀ., ಕೋಲಿಟ್ಟು ನೋಡಿದ ಆಳ 10 ಸೆಂ.ಮೀ. ಇದ್ದರೆ ಅವನ್ನೂ ಮೀಟರಿಗೆ ಬದಲಿಸಿ ಮೂರನ್ನೂ ಗುಣಿಸಿ, ಲೀಟರ್ ಲೆಕ್ಕಕ್ಕೆ 1000ದಿಂದ ಗುಣಿಸಿ. ತಳದ ನೀರು ನಿಧಾನ ಹರಿಯುವುದರಿಂದ ಮತ್ತೆ 0.8ರಿಂದ ಗುಣಿಸಿ. ಸೆಕೆಂಡಿಗೆ 12 ಲೀಟರ್, ಗಂಟೆಗೆ ಸುಮಾರು 43 ಸಾವಿರ ಲೀಟರ್ ಬರುತ್ತದೆ. ಇದು ಅಂದಾಜು, ಹಾಗೆಂದೇ ಬರೆಯಿರಿ. ಬೆಳಗಿನ ಲೆಕ್ಕವನ್ನು ಮಾತ್ರ 24ರಿಂದ ಗುಣಿಸಿ ದಿನದ ಲೆಕ್ಕ ಎನ್ನಬೇಡಿ. ಎಂಜಿನಿಯರ್‌ಗಳು ಅಲ್ಲೇ ಹಿಡಿಯುತ್ತಾರೆ.

ಕೆಮಿಸ್ಟ್ರಿ ಓದುವವರು ಕರಗಿದ ಆಮ್ಲಜನಕವನ್ನೂ ನೋಡಬಹುದು. ವಿಂಕ್ಲರ್ ವಿಧಾನ ಕಾಲೇಜಿನ ಲ್ಯಾಬಿನದ್ದೇ. ಗುಳ್ಳೆ ಉಳಿಯದಂತೆ ಬಾಟಲಿ ತುಂಬಿ, ಕೆರೆಯ ಬಳಿಯೇ ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರೀಯ ಅಯೋಡೈಡ್ ಹಾಕಬೇಕು. ಕಂದು ಗಸಿ ಬಂದರೆ ಆಮ್ಲಜನಕ ಇದೆ. ಬಿಳಿ ಗಸಿ ಕೂತರೆ ಇಲ್ಲವೇ ಇಲ್ಲ ಎನ್ನಬಹುದು. ಎಷ್ಟಿದೆ ಅನ್ನುವುದು ಲ್ಯಾಬಿನ ಟೈಟ್ರೇಷನ್‌ನಲ್ಲಿ ತಿಳಿಯುತ್ತದೆ. ಮೀನುಗಾರಿಕೆಗೆ ತಕ್ಕ ನೀರಿನಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಇರಬೇಕು ಎಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ. ಕಾನೂನಿನ ಕಣ್ಣಿಗೆ ನಿಮ್ಮ ಬಾಟಲಿ ಸಾಕ್ಷಿಯಲ್ಲ. ಅದನ್ನು ತೋರಿಸಿ ‘ಮಂಡಳಿಯಿಂದ ಮಾದರಿ ತೆಗೆಸಿ’ ಎಂದು ಕೇಳಬಹುದು, ಅಷ್ಟೇ.

ಯಾರಿಗೆ ಬರೆಯಬೇಕು

ನಗರಸಭೆಯಾದರೆ ಪೌರಾಯುಕ್ತರು. ಪುರಸಭೆ, ಪಟ್ಟಣ ಪಂಚಾಯಿತಿಯಾದರೆ ಮುಖ್ಯಾಧಿಕಾರಿ. ಬೆಂಗಳೂರಿನಲ್ಲಿ ಒಳಚರಂಡಿ ಜಲಮಂಡಳಿಯದ್ದು, ರಾಜಕಾಲುವೆ ಪಾಲಿಕೆಯದ್ದು. ಇಬ್ಬರಿಗೂ ಬರೆಯದಿದ್ದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಎಲ್ಲೇ ಆದರೂ ಒಂದು ಪ್ರತಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಹೋಗಲಿ.

ಪತ್ರ

ಒಂದು ನಗರಸಭೆ ಊರಿನ ಬಿ.ಎಸ್ಸಿ. ವಿದ್ಯಾರ್ಥಿನಿಗೆ ಉಕ್ಕುವ ಮ್ಯಾನ್‌ಹೋಲ್ ಸಿಕ್ಕಿದೆ ಎಂದುಕೊಳ್ಳೋಣ. ಇಂದ, ಗೆ, ದಿನಾಂಕ ಆದ ಮೇಲೆ ಅವಳ ಪತ್ರ ಹೀಗಿರಬಹುದು:

*ವಿಷಯ: ಕೆರೆಯ ಉತ್ತರ ಕೋಡಿ ರಸ್ತೆಯ ಮ್ಯಾನ್‌ಹೋಲ್‌ನಿಂದ ಸಂಸ್ಕರಿಸದ ಕೊಳಚೆ ನೀರು ರಾಜಕಾಲುವೆ ಮೂಲಕ ಕೆರೆಗೆ ಸೇರುತ್ತಿರುವ ಬಗ್ಗೆ.*

*ಮಾನ್ಯರೇ,*

*ಮೇಲ್ಕಂಡ ರಸ್ತೆಯಲ್ಲಿ ಸರ್ಕಾರಿ ಶಾಲೆಯ ಎದುರಿನ ಮ್ಯಾನ್‌ಹೋಲ್ ಕಟ್ಟಿಕೊಂಡು ಉಕ್ಕುತ್ತಿದೆ. ಈ ನೀರು ಪಕ್ಕದ ಕಾಲುವೆಗೆ ಇಳಿದು, ಸುಮಾರು 300 ಮೀಟರ್ ದೂರದ ಕೆರೆಯನ್ನು ಸೇರುತ್ತಿದೆ. ಕಳೆದ ಒಂದು ವಾರದಿಂದ ಮಳೆ ಬಂದಿಲ್ಲ. ಬೆಳಿಗ್ಗೆ 7 ಗಂಟೆಗೆ ನೋಡಿದಾಗ ಹರಿವು ಅಂದಾಜು ಸೆಕೆಂಡಿಗೆ 12 ಲೀಟರ್ ಇತ್ತು. ದಿನಾಂಕ, ಸಮಯ ಇರುವ ಫೋಟೊಗಳು ಮತ್ತು ಸ್ಥಳದ ಕೈನಕ್ಷೆ ಲಗತ್ತಿಸಿದ್ದೇನೆ.*

*ದಯವಿಟ್ಟು ಜೆಟ್ಟಿಂಗ್ ಯಂತ್ರ ಕಳಿಸಿ ಈ ಮಾರ್ಗವನ್ನು ತೆರವುಗೊಳಿಸಬೇಕು. ಪರಿಸರ ಎಂಜಿನಿಯರ್ ಅವರಿಂದ ಸ್ಥಳ ತಪಾಸಣೆ ಮಾಡಿಸಬೇಕು. ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕು ಎಂದು ಕೋರುತ್ತೇನೆ. ತಪಾಸಣೆಯ ದಿನ ಬಂದು ಜಾಗ ತೋರಿಸಲು ಸಿದ್ಧಳಿದ್ದೇನೆ.*

*ಇಂತಿ ತಮ್ಮ ವಿಶ್ವಾಸಿ*

ಒಂದೇ ಪುಟ. ಜಾಗ ವಿಷಯದ ಸಾಲಿನಲ್ಲೇ ಇದೆ ನೋಡಿ. ಟಪಾಲು ವಿಭಾಗದವರು ಓದುವುದು ಅಷ್ಟನ್ನೇ. ಕಾನೂನು ಹೇಳಲೇಬೇಕೆನಿಸಿದರೆ ಒಂದು ಸಾಲು: ಹರಿವಿಗೆ, ಕೆರೆಗೆ ಮಲಿನ ವಸ್ತು ಬಿಡುವುದನ್ನು 1974ರ ಜಲ ಕಾಯ್ದೆಯ 24ನೇ ಕಲಂ ನಿಷೇಧಿಸುತ್ತದೆ. ‘ಅಧಿಕಾರಿಗಳು ಲಂಚ ತಿಂದು ಮಲಗಿದ್ದಾರೆ’ ಅನ್ನುವ ಸಾಲು ಸುಮ್ನೆ ಬೇಡ. ಹಾಗೆ ಬರೆದರೆ ಉತ್ತರವೆಲ್ಲ ಆ ಸಾಲಿಗೇ ಬರುತ್ತದೆ, ಮ್ಯಾನ್‌ಹೋಲಿಗೆ ಬರುವುದಿಲ್ಲ.

ಕೊಟ್ಟ ಮೇಲೆ

ಎರಡು ಪ್ರತಿ ಒಯ್ಯಿರಿ. ನಿಮ್ಮ ಪ್ರತಿಯ ಮೇಲೆ ಕಚೇರಿಯ ಮೊಹರು, ದಿನಾಂಕ, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳದೆ ಕೌಂಟರ್ ಬಿಡಬೇಡಿ. ತೆಗೆದುಕೊಳ್ಳಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್ ಇದೆ. ರಾಜ್ಯ ಸರ್ಕಾರದ ಜನಸ್ಪಂದನ ಸಹಾಯವಾಣಿ 1902ರಲ್ಲೂ ಅದೇ ದೂರು ದಾಖಲಿಸಬಹುದು.

ಗಾಡಿ ಬಂದು ಹೋದ ಮೇಲೆ ಮತ್ತೆ ಬೆಳಿಗ್ಗೆ ಏಳಕ್ಕೇ ಹೋಗಿ ನೋಡಿ. ಮಧ್ಯಾಹ್ನ ಹೋದರೆ ಸರಿಯಾದಂತೆ ಕಂಡೀತು. ಒಂದೆರಡು ವಾರಕ್ಕೆ ಮತ್ತೆ ಉಕ್ಕಿದರೆ ಬರೀ ಕಸ ಕಟ್ಟಿಕೊಂಡಿದ್ದಲ್ಲ. ಪೈಪು ಕುಸಿದಿರಬಹುದು, ಇಲ್ಲವೇ ಮನೆಗಳ ಸಂಖ್ಯೆಗೆ ಅದು ಸಾಲದೆ ಹೋಗಿರಬಹುದು. ಆಗ ಎರಡನೇ ಪತ್ರದ ‘ಉಲ್ಲೇಖ’ದಲ್ಲಿ ಮೊದಲನೆಯದರ ಇನ್‌ವರ್ಡ್ ನಂಬರ್ ಹಾಕಿ, ಪೈಪು ಬದಲಿಸುವ ಖರ್ಚಿನ ಅಂದಾಜು ಪಟ್ಟಿ ತಯಾರಿಸಲು ಕೇಳಿ.

ಉತ್ತರವೇ ಬರದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ ಗಡುವು. ಕರ್ನಾಟಕದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಬೇಕು. ‘ಯಾಕೆ ಕ್ರಮ ಕೈಗೊಂಡಿಲ್ಲ’ ಎಂದು ಕೇಳಬೇಡಿ, ಅದಕ್ಕೆ ‘ಮಾಹಿತಿ ಲಭ್ಯವಿಲ್ಲ’ ಎಂಬ ಉತ್ತರ ಸುಲಭ. ‘ಇಂಥ ಇನ್‌ವರ್ಡ್ ನಂಬರಿನ ಪತ್ರದ ಮೇಲೆ ಬರೆದ ಟಿಪ್ಪಣಿ ಹಾಳೆಗಳ ಪ್ರತಿ ಕೊಡಿ’ ಎಂದು ಕೇಳಿ.