ಉಳಿದುಹೋದ ಒಂದು ಸ್ಕ್ರೂ: ಅಪ್ಪ ಅಮ್ಮನಿಗೆ ನಾನು ಪದ್ಯ ಬರೆದದ್ದು

ಅಪ್ಪ ಅಮ್ಮನ ಮದುವೆಯಾಗಿ 40 ವರ್ಷ ತುಂಬುವ ದಿನಕ್ಕೆ ಒಂದು ಪದ್ಯ ಓದ್ತೀನಿ ಅಂತ ಹೇಳಿಬಿಟ್ಟಿದ್ದೆ. ಮೊದಲ ಸಲ ಕೂತಾಗ ಒಂದೇ ಗಂಟೆಯಲ್ಲಿ 20 ಸಾಲು ಬಂತು. ಅಮ್ಮ ಮಮತೆಯ ಕಡಲು, ಅಪ್ಪ ನೆರಳು ಕೊಡುವ ಮರ, ಇಬ್ಬರೂ ಸೇರಿ ಬಾಳಿನ ಬಂಡಿ. ಖುಷಿಯಿಂದ ಹೆಂಡತಿಗೆ ಓದಿ ತೋರಿಸಿದೆ. ಅವಳು ಪೂರ್ತಿ ಕೇಳಿ, "ಚೆನ್ನಾಗಿದೆ. ನಮ್ಮಪ್ಪ ಅಮ್ಮನಿಗೂ ಇದನ್ನೇ ಓದಬಹುದು" ಅಂದಳು.

ಅವಳು ಹೊಗಳಿದಳೋ ಚುಚ್ಚಿದಳೋ ಗೊತ್ತಾಗಲಿಲ್ಲ. ಆದರೆ ಮಾತು ನಿಜವಾಗಿತ್ತು. ಆ 20 ಸಾಲಿನಲ್ಲಿ ನಮ್ಮ ಅಪ್ಪ ಅಮ್ಮ ಎಲ್ಲೂ ಇರಲಿಲ್ಲ. ಹಾಳೆ ಮಡಚಿ ಎತ್ತಿಟ್ಟೆ.

ಆಮೇಲೆ ಪದ್ಯದ ಯೋಚನೆಯನ್ನೇ ಬಿಟ್ಟು, ನೆನಪಿಗೆ ಬಂದದ್ದನ್ನು ಸುಮ್ನೆ ಗೀಚುತ್ತಾ ಹೋದೆ. ಎರಡು ಸಂಜೆಯಲ್ಲಿ 23 ನೆನಪು ಸಿಕ್ಕವು. ಓದಿ ನೋಡಿದರೆ ಅರ್ಧಕ್ಕರ್ಧ ನನ್ನವೇ! ನನಗೆ ಬಹುಮಾನ ಬಂದದ್ದು, ನನಗೆ ಜ್ವರ ಬಂದಾಗ ಅಮ್ಮ ಎದ್ದಿದ್ದದ್ದು, ಅಪ್ಪ ನನಗೆ ಸೈಕಲ್ ಕಲಿಸಿದ್ದು. ಇವುಗಳಲ್ಲಿ ಅಪ್ಪ ಅಮ್ಮ ಬರ್ತಾರೆ, ಆದರೆ ನನ್ನ ಅಕ್ಕಪಕ್ಕ ನಿಂತಿರ್ತಾರೆ. ಮದುವೆಯ ದಿನದ ಪದ್ಯಕ್ಕೆ ಅವರಿಬ್ಬರ ನಡುವೆ ನಡೆದದ್ದು ಬೇಕು, ನಾನು ಮೂಲೆಯಲ್ಲಿದ್ದರೆ ಸಾಕು. ಹಾಗಾಗಿ ಅವನ್ನೆಲ್ಲ ಹೊಡೆದುಹಾಕಿದೆ. ಅಪ್ಪನ ಕೆಲಸ ಹೋದ ವರ್ಷದ ಕಥೆ ಬಹಳ ಗಟ್ಟಿಯಾಗಿತ್ತು. ಆದರೆ ಅದನ್ನು ಹತ್ತು ಜನರ ಮುಂದೆ ಹೇಳುವ ಹಕ್ಕು ಅವರದ್ದು, ನನ್ನದಲ್ಲ. ಅದೂ ಹೋಯಿತು. ಕೊನೆಗೆ ಮೂರು ಉಳಿದವು.

ಮೂರನ್ನೂ ತುರುಕುವ ಆಸೆ ಇತ್ತು. ಆದರೆ ಹನ್ನೆರಡು ಸಾಲಿನಲ್ಲಿ ಮೂರು ನೆನಪು ಹಾಕಿದರೆ ಒಂದೊಂದಕ್ಕೆ ನಾಲ್ಕೇ ಸಾಲು. ಅಷ್ಟರಲ್ಲಿ ಹೆಸರು ಹೇಳಿ ಮುಂದೆ ಹೋಗಬಹುದೇ ಹೊರತು ಒಳಗೆ ಕೂರೋಕೆ ಆಗಲ್ಲ. ಒಂದನ್ನೇ ಆರಿಸಿಕೊಂಡೆ: ಗೋಡೆ ಗಡಿಯಾರ ರಿಪೇರಿಯ ರಾತ್ರಿ. ನಿಂತಿದ್ದ ಗಡಿಯಾರವನ್ನು ಅಪ್ಪ ಬಿಚ್ಚಿದರು. ಅಮ್ಮ ಟಾರ್ಚ್ ಹಿಡಿದಳು. ಜೋಡಿಸಿದ ಮೇಲೆ ಗಡಿಯಾರ ಓಡಿತು, ಆದರೆ ಒಂದು ಸ್ಕ್ರೂ ಉಳಿದುಹೋಯಿತು. ಅದು ಈಗಲೂ ಅಮ್ಮನ ಹೊಲಿಗೆ ಡಬ್ಬಿಯಲ್ಲಿದೆ.

ನನಗೆ ನೆನಪಿದ್ದದ್ದು ಇಷ್ಟೇ. ಹಾಗಾಗಿ ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದೆ. "ಆ ರಾತ್ರಿ ನಿಮಗೆ ಏನನ್ನಿಸಿತು" ಅಂತ ಕೇಳಿದರೆ "ಏನೂ ಇಲ್ಲಪ್ಪ, ಹೀಗೇ" ಅನ್ನೋ ಉತ್ತರ ಬರುತ್ತೆ. ವಸ್ತುಗಳ ಬಗ್ಗೆ ಕೇಳಬೇಕು. ಮೇಜಿನ ಮೇಲೆ ಏನೇನಿತ್ತು, ಗಂಟೆ ಎಷ್ಟಾಗಿತ್ತು, ಸ್ಕ್ರೂ ಎಲ್ಲಿ ಸಿಕ್ಕಿತು. ಅಪ್ಪ ಅಂದರು, "ನಿಮ್ಮಮ್ಮ ಟಾರ್ಚ್ ಅಲುಗಿಸಿದಳು, ಅದಕ್ಕೇ ಒಂದು ಸ್ಕ್ರೂ ಕಾಣಲಿಲ್ಲ." ಅಮ್ಮ ಅಂದಳು, "ನಿಮ್ಮಪ್ಪ ಕೂತಲ್ಲೇ ಕಣ್ಣು ಮುಚ್ಚಿದ್ರು. ಹನ್ನೊಂದಾಯ್ತು ಮಲಗಿ ಅಂದ್ರೆ, ಇನ್ನೊಂದೇ ಸ್ಕ್ರೂ ಅಂತಾರೆ."

ಯಾರು ಹೇಳಿದ್ದು ಸರಿ ಅಂತ ತೀರ್ಮಾನ ಮಾಡೋಕೆ ಹೋಗಿದ್ದರೆ ಪದ್ಯ ಅಲ್ಲೇ ಸಾಯ್ತಿತ್ತು. ಎರಡು ಕಥೆ ಹೊಂದದೇ ಇದ್ದದ್ದೇ ನನಗೆ ಸಿಕ್ಕ ಬಂಡವಾಳ. ಅದರ ಜೊತೆಗೆ ಅಮ್ಮನ ಮಾತಿನಲ್ಲಿ ಇನ್ನೊಂದು ಲಾಭವೂ ಇತ್ತು. "ಹನ್ನೊಂದು", "ಇನ್ನೊಂದು": ಎರಡರಲ್ಲೂ ಮೊದಲ ಅಕ್ಷರ ಗುರು, ಎರಡನೆಯದು ಅದೇ ಒತ್ತಕ್ಷರ. ಆದಿಪ್ರಾಸ ತಾನಾಗೇ ಬಂದು ಕೂತಿತ್ತು. ನಾನು ಮಾಡಬೇಕಾದದ್ದು ಅದನ್ನು ನಾಲ್ಕು ನಾಲ್ಕು ಮಾತ್ರೆಗೆ ಕತ್ತರಿಸುವುದಷ್ಟೇ. ಹನ್ನೊಂ | ದಾಯಿತು | ಮಲಗಿರಿ | ಎಂದಳು. ಬೆರಳು ತಟ್ಟಿ ಎಣಿಸಿದೆ, ಸರಿಯಾಗಿ 16.

ಹನ್ನೊಂದಾಯಿತು, ಮಲಗಿರಿ ಎಂದಳು;
ಇನ್ನೊಂದೇ ಸ್ಕ್ರೂ ಎಂದರು ಅಪ್ಪ.
ಟಾರ್ಚನು ಹಿಡಿದಳು ಬೈಯುತ ಅಮ್ಮ;
ಮಲಗಿದ ಹಾಗೇ ನಟಿಸಿದೆ ನಾನು.

ಓಡಿತು ಓಡಿತು ಗೋಡೆಯ ಮುಳ್ಳು,
ಉಳಿಯಿತು ಮೇಜಲಿ ಒಂದೇ ಸ್ಕ್ರೂ.
ಹೊಲಿಗೆಯ ಡಬ್ಬಿಗೆ ಹಾಕಿದಳಮ್ಮ;
ಇಂದಿಗು ಮನೆ ಹತ್ತು ನಿಮಿಷ ಮುಂದೆ.

ಟಾರ್ಚೇ ಅಲುಗಿತು, ಎನುವರು ಅಪ್ಪ;
ಕಣ್ಣೇ ಮುಚ್ಚಿತು, ಎನುವಳು ಅಮ್ಮ.
ತಪ್ಪದು ಯಾರದೊ ತೀರದೆ ಹೋಗಲಿ,
ಡಬ್ಬಿಯ ತಳದಲೆ ಇರಲಾ ಸ್ಕ್ರೂ.

ಸ್ಕ್ರೂ ಅಂತ ಮುಗಿಯುವ ಎರಡು ಸಾಲು 14 ಮಾತ್ರೆಗೇ ನಿಲ್ಲುತ್ತವೆ. ಮೊದಲು ಅಲ್ಲಿ ಒಂದು ಪದ ತುಂಬಿಸೋಕೆ ಒದ್ದಾಡಿದೆ. "ಪುಟ್ಟ ಸ್ಕ್ರೂ", "ಆ ಸ್ಕ್ರೂ ಮಾತ್ರ", ಏನೇನೋ. ಜೋರಾಗಿ ಓದಿದಾಗ ಗೊತ್ತಾಯಿತು, ಆ ಎರಡು ಮಾತ್ರೆ ಖಾಲಿ ಬಿಟ್ಟರೇನೇ ಕೇಳುವವರಿಗೆ ನಗೋಕೆ ಜಾಗ. "ತಿರುಪು" ಅಂತ ಬರೆಯಬಹುದಿತ್ತು, ಪದ ಚೆನ್ನಾಗೇ ಇದೆ. ಆದರೆ ಅಪ್ಪನ ಬಾಯಲ್ಲಿ ಆ ಪದ ನಾನು ಒಮ್ಮೆಯೂ ಕೇಳಿಲ್ಲ. ಅಪ್ಪನ ಮಾತಂತ ಬರೆದು ಅಪ್ಪನದ್ದಲ್ಲದ ಪದ ಹಾಕಿದರೆ ಅವರಿಗೇ ಮೊದಲು ಗೊತ್ತಾಗುತ್ತೆ.

ಆ ಹತ್ತು ನಿಮಿಷಕ್ಕೂ ಸ್ಕ್ರೂಗೂ ಸಂಬಂಧ ಇಲ್ಲ, ಇದನ್ನು ಒಪ್ಪಿಕೊಳ್ಳಬೇಕು. ಅಪ್ಪ ಆ ರಾತ್ರಿ ಮುಳ್ಳು ಕೂರಿಸುವಾಗ ಹತ್ತು ನಿಮಿಷ ಮುಂದೆ ಇಟ್ಟರು, ಅಷ್ಟೇ. ಸೆಲ್ ಬದಲಿಸಿದಾಗಲೂ ಅಮ್ಮ ಲೆಕ್ಕ ಹಾಕಿ ಹತ್ತು ನಿಮಿಷ ಮುಂದೇ ಇಡ್ತಾಳೆ. ನಾನು ಎರಡನ್ನೂ ಅಕ್ಕಪಕ್ಕ ಇಟ್ಟೆ, ಅದರಿಂದ ಇದಾಯಿತು ಅಂತ ಎಲ್ಲೂ ಹೇಳಲಿಲ್ಲ.

ನಾಲ್ಕನೆಯ ಚರಣವೂ ಒಂದಿತ್ತು. "ಇದೇ ಅಲ್ಲವೇ ಪ್ರೀತಿ" ಅನ್ನೋ ಥರದ್ದು. ಬರೆಯುವಾಗ ಕಣ್ಣಲ್ಲಿ ನೀರು ಬಂದಿತ್ತು, ಅದಕ್ಕೇ ಎರಡು ದಿನ ಕಿತ್ತುಹಾಕೋಕೆ ಮನಸ್ಸಾಗಲಿಲ್ಲ. ಆಮೇಲೆ ಹೆಂಡತಿಯ ಆ ಮಾತನ್ನೇ ಅಳತೆಗೋಲು ಮಾಡಿಕೊಂಡೆ: ಈ ಚರಣ ಮಾವನವರ ಮನೆಯಲ್ಲೂ ನಡೆಯುತ್ತಾ? ನಡೆಯುತ್ತೆ. ಹಾಗಾದರೆ ಬೇಡ. ಉಳಿದ ಹನ್ನೆರಡು ಸಾಲು ಬೇರೆ ಯಾರ ಮನೆಯಲ್ಲೂ ನಡೆಯಲ್ಲ.

ಮನೆಯ ಹೊರಗಿನವರಿಗೆ ಈ ಕಥೆ ಗೊತ್ತಿರಲ್ಲ ಅಲ್ವಾ? ಅದಕ್ಕೆ ಪದ್ಯದೊಳಗೆ ವಿವರಣೆ ತುರುಕಲಿಲ್ಲ. ಓದುವ ಮುಂಚೆ ಒಂದೇ ವಾಕ್ಯ ಹೇಳಿದೆ: "ನಾನು ಚಿಕ್ಕವನಿದ್ದಾಗ ಒಂದು ರಾತ್ರಿ ಅಪ್ಪ ಗೋಡೆ ಗಡಿಯಾರ ಬಿಚ್ಚಿದ್ದರು." ಅಷ್ಟು ಸಾಕಾಯಿತು. ನಿಧಾನಕ್ಕೆ ಓದಿದರೂ ಒಂದು ನಿಮಿಷದ ಕೆಲಸ.

ಆದರೆ ಪೂರ್ತಿ ಓದೋಕೆ ಬಿಡಲಿಲ್ಲ. "ಟಾರ್ಚೇ ಅಲುಗಿತು" ಅನ್ನುತ್ತಿದ್ದ ಹಾಗೇ ಅಪ್ಪ, "ಮತ್ತೆ? ಅಲುಗಿದ್ದು ನಿಜ ತಾನೇ" ಅಂತ ಎಲ್ಲರ ಕಡೆ ತಿರುಗಿದರು. ಅಮ್ಮ ಶುರುಮಾಡಿದಳು. ಕೊನೆಯ ಎರಡು ಸಾಲು ಯಾರಿಗೂ ಕೇಳಿಸಲೇ ಇಲ್ಲ.

ಎಲ್ಲ ಹೋದ ಮೇಲೆ ಅಮ್ಮ ಹಾಳೆ ತರಿಸಿಕೊಂಡು ಕನ್ನಡಕ ಹಾಕಿ ಓದಿದಳು. "ಬೈಯುತ ಅಂತ ಯಾಕೆ ಬರೆದೆ? ನಾನು ಬೈಯಲಿಲ್ಲ, ಗೊಣಗಿದೆ ಅಷ್ಟೇ" ಅಂದಳು. ಎಣಿಸಿ ನೋಡಿದೆ. ಬೈಯುತ ನಾಲ್ಕು ಮಾತ್ರೆ, ಗೊಣಗುತ ಕೂಡ ನಾಲ್ಕು. ಕಟ್ಟು ಹಾಕಿಸಿದ ಪ್ರತಿಯಲ್ಲಿ "ಗೊಣಗುತ ಅಮ್ಮ" ಅಂತಲೇ ಇದೆ.